ಬಾಡಿಗೆ ಕೊಡದ ಮೂರು ತಿಂಗಳಿಗೂ ಬಾಡಿಗೆ ಬರೆದೆ

ಉಪ್ಪಳದ ಹೆದ್ದಾರಿ ಬದಿಯಲ್ಲಿ ಬಟ್ಟೆ ಅಂಗಡಿಯ ಶಾಖೆ ತೆರೆದ ಒಂದು ಸಣ್ಣ ಕಂಪನಿಯ ಲೆಕ್ಕ ನನ್ನ ಕೈಯಲ್ಲಿದೆ. ಕಟ್ಟಡದ ಯಜಮಾನರು ಗಲ್ಫಿನಲ್ಲಿ, ಕರಾರುಪತ್ರ ಮಲಯಾಳದಲ್ಲಿ. ಅವಧಿ 2023ರ ಜನವರಿ 1ರಿಂದ ಮೂರು ವರ್ಷ. ಕಪಾಟು, ದೀಪ, ನೆಲದ ಕೆಲಸಕ್ಕೆಂದು ಮೊದಲ ಮೂರು ತಿಂಗಳು ಬಾಡಿಗೆ ಇಲ್ಲ. ಏಪ್ರಿಲ್‌ನಿಂದ ತಿಂಗಳಿಗೆ 40,000 ರೂಪಾಯಿ, ಎರಡನೆಯ ವರ್ಷಕ್ಕೆ ಶೇಕಡಾ 10 ಏರಿ 44,000, ಮೂರನೆಯ ವರ್ಷಕ್ಕೆ 48,400.

ಮಾರ್ಚ್ ಕೊನೆಗೆ ಲಾಭನಷ್ಟದ ಪಟ್ಟಿ ಮುಂದಿಟ್ಟಾಗ ಅಂಗಡಿಯ ಧಣಿಗಳ ಹುಬ್ಬು ಗಂಟಿಕ್ಕಿತು. “ಅಲ್ಲ ಭಟ್ಟರೇ, ಒಂದು ಕಾಸೂ ಕೊಡದ ಬಾಡಿಗೆಗೆ 1,22,400 ಖರ್ಚು ಎಲ್ಲಿಂದ ಬಂತು?”

ಈ ಕಂಪನಿಗೆ ಅನ್ವಯವಾಗುವುದು ಬಾಡಿಗೆ, ಗುತ್ತಿಗೆಗಳ ಲೆಕ್ಕ ಹೇಗೆ ಬರೆಯಬೇಕೆಂದು ಹೇಳುವ ಲೆಕ್ಕಪತ್ರ ಮಾನದಂಡ ಎಎಸ್ 19. ದೊಡ್ಡ ಕಂಪನಿಗಳ ಇಂಡ್ ಎಎಸ್ 116ರ ದಾರಿ ಬೇರೆ, ಅದನ್ನು ಇಲ್ಲಿ ಎಳೆದು ತರುವುದಿಲ್ಲ. ಇಂಥ ಬಾಡಿಗೆಯನ್ನು ಕರಾರಿನ ಅವಧಿಯುದ್ದಕ್ಕೂ ಸಮನಾಗಿ ಖರ್ಚು ಬರೆಯಬೇಕು ಎನ್ನುತ್ತದೆ ಎಎಸ್ 19. ಅಂಗಡಿಯಿಂದ ಸಿಗುವ ಪ್ರಯೋಜನ ಬೇರೆ ಲಯದಲ್ಲಿ ಹಂಚಿಹೋಗಿದೆ ಎಂದು ತೋರಿಸಬಲ್ಲವರಿಗಷ್ಟೇ ವಿನಾಯಿತಿ. ನಮ್ಮ ಅಂಗಡಿಯ ವಿಸ್ತಾರ ಮೂರು ವರ್ಷವೂ ಅಷ್ಟೇ. ಬಾಡಿಗೆ ಏರಿತೆಂದು ಅಂಗಡಿ ಅಗಲವಾಗುವುದಿಲ್ಲವಲ್ಲ.

ಮೊದಲು ಕೊಡಬೇಕಾದ ಒಟ್ಟು ಹಣವನ್ನು ಕೂಡಿದೆ. ಮೊದಲ ವರ್ಷ ಒಂಬತ್ತು ತಿಂಗಳಿಗೆ 3,60,000, ಎರಡನೆಯ ವರ್ಷ 5,28,000, ಮೂರನೆಯ ವರ್ಷ 5,80,800. ಒಟ್ಟು 14,68,800 ರೂಪಾಯಿ. ಇದನ್ನು 36ರಿಂದ ಭಾಗಿಸಿದರೆ ತಿಂಗಳಿಗೆ 40,800. ವಾಪಸು ಬರುವ ಮುಂಗಡವನ್ನು ಇದರಲ್ಲಿ ಸೇರಿಸಲಿಲ್ಲ. ಜಿಎಸ್‌ಟಿಗೆ ನಮಗೆ ಇನ್‌ಪುಟ್ ಕ್ರೆಡಿಟ್ ಸಿಗುವುದರಿಂದ ಅದನ್ನೂ ಹೊರಗಿಟ್ಟೆ. ಕ್ರೆಡಿಟ್ ಸಿಗದ ವ್ಯಾಪಾರಿಗೆ ಆ ತೆರಿಗೆಯೂ ಖರ್ಚೇ.

ಹೆಚ್ಚಿನವರು ಎಡವುವುದು 36 ಎಂಬ ಆ ಸಂಖ್ಯೆಯಲ್ಲಿ. ಬಾಡಿಗೆ ಕೊಡುವುದು 33 ತಿಂಗಳು ತಾನೇ ಎಂದು 33ರಿಂದ ಭಾಗಿಸಿ ಏಪ್ರಿಲ್‌ನಿಂದ ಬರೆಯುತ್ತಾರೆ. ಆಗಲೂ ಮೂರು ವರ್ಷದ ಕೊನೆಗೆ ಲೆಕ್ಕ ಸರಿಹೊಂದುವುದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಬೀಗದ ಕೈ ನಮ್ಮಲ್ಲಿದ್ದೂ ಮಾರ್ಚ್ 31ರ ಪಟ್ಟಿಯಲ್ಲಿ ಆ ಅಂಗಡಿಯ ಬಾಡಿಗೆ ಖರ್ಚು ಸೊನ್ನೆ ಎಂದಿದ್ದರೆ ಅದೇ ಗುರುತು. ಅಂಗಡಿ ತೆರೆದದ್ದು ವಿಷುವಿನ ಹೊತ್ತಿಗಾದರೂ ಜಾಗ ನಮ್ಮ ವಶಕ್ಕೆ ಬಂದದ್ದು ಜನವರಿ ಒಂದಕ್ಕೆ, ಲೆಕ್ಕವೂ ಅಂದಿನಿಂದಲೇ. ಅವಧಿ ಎಷ್ಟೆಂಬುದಕ್ಕೆ ನಾನು ಕರಾರಿನಲ್ಲಿ ಹುಡುಕಿದ್ದು ನಡುವೆ ಬಿಟ್ಟು ಹೋಗಬಹುದೇ ಎಂಬ ಸಾಲನ್ನು. ಮೂರು ವರ್ಷವೂ ಬಿಡುವಂತಿರಲಿಲ್ಲ. ‘ಮುಂದೆ ಇಬ್ಬರೂ ಒಪ್ಪಿದರೆ ನವೀಕರಣ’ ಎಂಬ ಸಾಲೂ ಇತ್ತು. ಯಜಮಾನರು ಒಲ್ಲೆ ಎಂದರೆ ಮುಗಿಯಿತು. ಅಂಥ ಸಾಲನ್ನು ನಂಬಿ ಅವಧಿಯನ್ನು ಎಳೆಯಲಿಲ್ಲ.

ಬರೆಯುವ ಖರ್ಚಿಗೂ ಕೊಡುವ ಬಾಡಿಗೆಗೂ ನಡುವಿನ ವ್ಯತ್ಯಾಸವನ್ನು ಹಿಡಿದಿಡಲು ಟ್ಯಾಲಿಯಲ್ಲಿ ಹೊಣೆಗಾರಿಕೆಗಳ ಕೆಳಗೆ ‘ಬಾಡಿಗೆ ಸಮೀಕರಣ’ ಎಂಬ ಬೇರೆ ಖಾತೆ ತೆರೆದೆ. ಜನವರಿಯಿಂದ ಮಾರ್ಚ್‌ವರೆಗೆ ತಿಂಗಳಿಗೊಂದು ಜರ್ನಲ್: ಬಾಡಿಗೆ ಖರ್ಚಿಗೆ ಡೆಬಿಟ್ 40,800, ಸಮೀಕರಣಕ್ಕೆ ಕ್ರೆಡಿಟ್ ಅಷ್ಟೇ. ಕಟ್ಟಡದ ಯಜಮಾನರ ಖಾತೆಯನ್ನು ಮುಟ್ಟಲಿಲ್ಲ, ಏಕೆಂದರೆ ಆ ಮೂರು ತಿಂಗಳಿಗೆ ಅವರಿಗೆ ನಾವು ಏನೂ ಕೊಡಬೇಕಾಗಿಲ್ಲ. ಅವರ ಖಾತೆಗೆ ಹೋಗುವುದು ಕರಾರಿನ ಬಾಡಿಗೆ ಮಾತ್ರ. ಟಿಡಿಎಸ್ ಮತ್ತು ಜಿಎಸ್‌ಟಿ ಅದನ್ನೇ ಹಿಡಿದು ನಡೆಯುತ್ತವೆ.

ಏಪ್ರಿಲ್‌ನಿಂದ ಕೊಡುವುದು 40,000, ಖರ್ಚು 40,800. ತಿಂಗಳಿಗೆ 800ರಂತೆ ಸೇರಿ ಡಿಸೆಂಬರ್ ಕೊನೆಗೆ ಸಮೀಕರಣ ಖಾತೆಯ ಬಾಕಿ 1,29,600ಕ್ಕೆ ಏರಿತು. ಅದೇ ಅದರ ನೆತ್ತಿ. 2024ರ ಜನವರಿಯಿಂದ ಕೊಡುವುದೇ ಖರ್ಚಿಗಿಂತ ಹೆಚ್ಚಾಗಿ, ತಿಂಗಳಿಗೆ 3,200 ಕರಗತೊಡಗಿತು. ಆ ಮಾರ್ಚ್ 31ಕ್ಕೆ ಬಾಕಿ 1,20,000, ಮುಂದಿನ ಮಾರ್ಚ್‌ಗೆ 68,400. ಕೊನೆಯ ವರ್ಷ ತಿಂಗಳಿಗೆ 7,600 ಇಳಿದು 2025ರ ಡಿಸೆಂಬರ್‌ಗೆ ಸೊನ್ನೆ.

ಧಣಿಗಳಿಗೆ ಈ ಇಳಿಕೆಯ ಪಟ್ಟಿಯನ್ನು ಅವರು ಹುಬ್ಬು ಗಂಟಿಕ್ಕಿದ ದಿನವೇ ಒಂದು ಹಾಳೆಯಲ್ಲಿ ಬರೆದು ತೋರಿಸಿದ್ದೆ. “ಅಂದರೆ ಮೂರನೇ ವರ್ಷ 48,400 ಕೊಟ್ಟರೂ ಖರ್ಚು 40,800 ಅಷ್ಟೇ ಕಾಣುವುದೋ?” ಎಂದು ಕೇಳಿದರು. ಹೌದು ಎಂದ ಮೇಲೆ ಮುಖ ಸ್ವಲ್ಪ ಸಡಿಲವಾಯಿತು. ನಗದಿನ ಹರಿವಿಗೆ ಮಾತ್ರ 48,400 ಎಂದೇ ಇಟ್ಟುಕೊಳ್ಳಿ, ಬ್ಯಾಂಕಿನಿಂದ ಹೋಗುವುದು ಅಷ್ಟೇ ಎಂದು ಸೇರಿಸಿದೆ.

ಈ ಹಾಳೆ ಕರಾರು ಬದಲಾಗದವರೆಗೆ ಮಾತ್ರ ನಡೆಯುತ್ತದೆ. ಯಜಮಾನರೇ ಒಪ್ಪಿ ನಡುವೆ ಅಂಗಡಿಯನ್ನು ಬಿಡಿಸಿಕೊಂಡಿದ್ದರೆ, ಆ ದಿನ ಸಮೀಕರಣದಲ್ಲಿ ಉಳಿದ ಬಾಕಿ ಯಾರಿಗೂ ಕೊಡಬೇಕಾದ ಹಣವಲ್ಲವಾದ್ದರಿಂದ ಅದನ್ನು ಲಾಭನಷ್ಟದ ಖಾತೆಗೇ ತಿರುಗಿಸಬೇಕಾಗುತ್ತಿತ್ತು.