100 ಪಾಲು ಹಣ, ಮೂರು ದಾರಿ: ಹೊಸ ಸೇವೆಗೆ ನಾನು ಜಾಹೀರಾತು ಹಣ ಹಂಚಿದ ಬಗೆ

ಮನೆಗೇ ಹೋಗಿ ಸೋಫಾ, ಹಾಸಿಗೆ ಕ್ಲೀನ್ ಮಾಡಿಕೊಡುವ ಸೇವೆಯನ್ನು ನಾನು ಮತ್ತು ನನ್ನ ತಂಗಿ ಶುರುಮಾಡಿದಾಗ ಜಾಹೀರಾತಿಗೆ ಎತ್ತಿಟ್ಟ ಹಣ ಎಂಟು ವಾರಕ್ಕೆ ಸಾಕಾಗುವಷ್ಟೇ ಇತ್ತು. ಅದು ಮುಗಿಯುವುದರೊಳಗೆ ಸೇವೆ ತನ್ನ ಖರ್ಚನ್ನು ತಾನೇ ನೋಡಿಕೊಳ್ಳಬೇಕಿತ್ತು. ಹಣ ಹಾಕಲು ಕಂಡ ದಾರಿ ಮೂರು: ಗೂಗಲ್ ಸರ್ಚ್, ಇನ್‌ಸ್ಟಾಗ್ರಾಂ ಮತ್ತು ಫೇಸ್‌ಬುಕ್, ಮತ್ತೆ ಇನ್‌ಫ್ಲುಯೆನ್ಸರ್‌ಗಳು. ಮೂರಕ್ಕೂ ಸಮ ಹಂಚಿಬಿಡೋಣ ಅಂತ ತಂಗಿ ಹೇಳಿದಳು. ನನಗೆ ಅದು ಸರಿ ಅನ್ನಿಸಲಿಲ್ಲ. ಮೂರೂ ಮಾಡುವ ಕೆಲಸ ಬೇರೆ ಬೇರೆ. ಸರ್ಚ್‌ನಲ್ಲಿ ಸಿಗುವವರು ಈಗಾಗಲೇ ಹುಡುಕುತ್ತಿರುವವರು. ಉಳಿದೆರಡರಲ್ಲಿ ಸಿಗುವವರಿಗೆ ತಮ್ಮ ಸೋಫಾ ಕೊಳೆಯಾಗಿದೆ ಎಂದು ಮೊದಲು ನೆನಪಿಸಬೇಕು.

ಹಂಚುವ ಮೊದಲು ಒಂದು ಅಳತೆ ಮಾಡಿಕೊಂಡೆ. ಒಂದು ಮನೆಯ ಕೆಲಸದಲ್ಲಿ ಕೂಲಿ, ಲಿಕ್ವಿಡ್, ಓಡಾಟ ಎಲ್ಲ ಕಳೆದು ನಮಗೆ ಉಳಿಯುವ ಹಣವನ್ನು ಒಂದು ಪಾಲು ಎಂದುಕೊಂಡೆ. ಆ ಲೆಕ್ಕದಲ್ಲಿ ನಮ್ಮ ಬಜೆಟ್ 100 ಪಾಲು. ಒಂದು ಬುಕಿಂಗ್ ತರಲು ಒಂದು ಪಾಲಿಗಿಂತ ಕಡಿಮೆ ಖರ್ಚಾದರೆ ಲಾಭ, ಜಾಸ್ತಿ ಆದರೆ ಕೈಯಿಂದ ಹಾಕಿದ ಹಾಗೆ. ಕ್ಲಿಕ್ ಎಷ್ಟು, ಲೈಕ್ ಎಷ್ಟು ಅಂತ ನೋಡುತ್ತಾ ಕೂರುವ ಗೋಜೇ ಇದರಿಂದ ತಪ್ಪಿತು. ಮೊದಲ ಅಂದಾಜಿಗೆ ಸರ್ಚ್‌ಗೆ 40, ಸೋಷಿಯಲ್‌ಗೆ 30, ಇನ್‌ಫ್ಲುಯೆನ್ಸರ್‌ಗೆ 10 ಅಂತ ಬರೆದೆ. ಉಳಿದ 20 ಪಾಲನ್ನು ಯಾವುದಕ್ಕೂ ಬರೆಯಲಿಲ್ಲ. ಯಾವ ದಾರಿ ಕೆಲಸ ಮಾಡುತ್ತದೆ ಎಂದು ಗೊತ್ತಾದ ಮೇಲೆ ಅಲ್ಲಿಗೆ ಹಾಕಲು ಇಟ್ಟುಕೊಂಡೆ.

ಮೊದಲ ಎರಡು ವಾರ ಸರ್ಚ್ ಮಾತ್ರ ನಡೆಸಿದೆ. ಮೊದಲ ವಾರ 6 ಪಾಲು ಖರ್ಚಾಗಿ ಬಂದದ್ದು 4 ಬುಕಿಂಗ್. ಯಾಕೆ ಹೀಗಾಯ್ತು ಅಂತ ಜನ ನಿಜವಾಗಿ ಟೈಪ್ ಮಾಡಿದ ಪದಗಳ ಪಟ್ಟಿ ತೆರೆದೆ. ಗೂಗಲ್ ಆ್ಯಡ್ಸ್‌ನಲ್ಲಿ ಅದರ ಹೆಸರು Search terms. ಇದನ್ನು ಹುಡುಕಿದವರಿಗೆ ಜಾಹೀರಾತು ತೋರಿಸಿ ಎಂದು ನಾವು ಕೊಟ್ಟ ಪದ, ಅಂದರೆ ಕೀವರ್ಡ್, 'ಸೋಫಾ ಕ್ಲೀನಿಂಗ್'. ಆದರೆ ದುಡ್ಡು ಹೋಗಿದ್ದು 'ಸೋಫಾ ಕ್ಲೀನಿಂಗ್ ಮೆಷಿನ್ ರೇಟ್', 'ಸೋಫಾ ಕ್ಲೀನಿಂಗ್ ಕೆಲಸ ಖಾಲಿ ಇದೆಯಾ', 'ಮನೆಯಲ್ಲೇ ಸೋಫಾ ಕ್ಲೀನ್ ಮಾಡುವುದು ಹೇಗೆ' ಇಂಥವುಗಳ ಮೇಲೆ. ಇವರ್‍ಯಾರೂ ನಮ್ಮನ್ನು ಕರೆಯುವವರಲ್ಲ. ಮೆಷಿನ್, ಕೆಲಸ, ಹೇಗೆ, ಟ್ರೈನಿಂಗ್ ಎನ್ನುವ ಪದಗಳಿರುವ ಹುಡುಕಾಟಕ್ಕೆ ಜಾಹೀರಾತು ಕಾಣದಂತೆ ಅವನ್ನು ನೆಗೆಟಿವ್ ಕೀವರ್ಡ್ ಪಟ್ಟಿಗೆ ಸೇರಿಸಿದೆ.

ಇನ್ನೊಂದು ತೂತು ಲೊಕೇಶನ್ ಸೆಟ್ಟಿಂಗ್‌ನಲ್ಲಿತ್ತು. ನಮ್ಮ ಊರನ್ನೇ ಆರಿಸಿದ್ದೆ. ಆದರೂ ಬೇರೆ ಊರುಗಳಿಂದ ಫೋನ್ ಬರುತ್ತಿತ್ತು. ಅಲ್ಲಿ ತಾನಾಗಿಯೇ ಆಯ್ಕೆಯಾಗಿರುವುದು Presence or interest. ಅಂದರೆ ಊರಿನಲ್ಲಿ ಇರುವವರ ಜೊತೆಗೆ ಆ ಊರಿನ ಬಗ್ಗೆ ಆಸಕ್ತಿ ತೋರಿಸಿದವರಿಗೂ ಜಾಹೀರಾತು ಕಾಣುತ್ತದೆ. ಮನೆಗೆ ಹೋಗಿ ಮಾಡುವ ಕೆಲಸಕ್ಕೆ ಅದು ಸುಮ್ನೆ ದಂಡ. Presence ಮಾತ್ರ ಇಟ್ಟೆ. ಬೇರೆ ವೆಬ್‌ಸೈಟ್, ಆ್ಯಪ್‌ಗಳಲ್ಲೂ ಜಾಹೀರಾತು ತೋರಿಸುವ ಡಿಸ್‌ಪ್ಲೇ ನೆಟ್‌ವರ್ಕ್‌ನ ಟಿಕ್ ಕೂಡ ತೆಗೆದೆ. ಎರಡನೇ ವಾರ ಅದೇ 6 ಪಾಲಿಗೆ 10 ಬುಕಿಂಗ್ ಬಂತು.

ಇಷ್ಟು ಚೆನ್ನಾಗಿ ನಡೆಯುತ್ತಿದೆ, ಎಲ್ಲ ಹಣವನ್ನೂ ಇಲ್ಲೇ ಹಾಕೋಣ ಅನ್ನಿಸುವುದು ಸಹಜ ಅಲ್ವಾ? ನಾನೂ ಮೂರನೇ ವಾರ 10 ಪಾಲಿಗೆ ಏರಿಸಿದೆ. ಆದರೆ ವಾರ ಮುಗಿದಾಗ ಖರ್ಚಾಗಿದ್ದು 7 ಮಾತ್ರ, ಬುಕಿಂಗ್ 11. ಹಣ ಸಾಲದೆ ತಪ್ಪಿಹೋದ ಅವಕಾಶ ಎಷ್ಟು ಎಂದು ತೋರಿಸುವ ಕಾಲಂ ನೋಡಿದರೆ ಅದು ಸೊನ್ನೆಗೆ ಬಂದು ನಿಂತಿತ್ತು. ಒಂದು ಊರಿನಲ್ಲಿ ಒಂದು ವಾರದಲ್ಲಿ ಸೋಫಾ ಕ್ಲೀನಿಂಗ್ ಹುಡುಕುವವರು ಇಷ್ಟೇ ಜನ. ನಾವು ಎಷ್ಟು ಹಣ ಸುರಿದರೂ ಹುಡುಕುವವರು ಜಾಸ್ತಿ ಆಗುವುದಿಲ್ಲ.

ಆಗಲೂ ನನಗೆ ಸಮಾಧಾನ ಆಗಲಿಲ್ಲ. ನಾಲ್ಕನೇ ವಾರ ಕೀವರ್ಡ್‌ಗಳನ್ನು ಬ್ರಾಡ್ ಮ್ಯಾಚ್‌ಗೆ ಬದಲಿಸಿದೆ, ಅಂದರೆ ಅವಕ್ಕೆ ಸಂಬಂಧಪಟ್ಟ ಬೇರೆ ಹುಡುಕಾಟಗಳಿಗೂ ಜಾಹೀರಾತು ಕಾಣುವ ಹಾಗೆ. ಪೂರ್ತಿ 10 ಪಾಲೂ ಖರ್ಚಾಯಿತು, 12 ಬುಕಿಂಗ್ ಬಂತು. ಸರಾಸರಿ ನೋಡಿದರೆ ಒಂದು ಬುಕಿಂಗ್‌ಗೆ ಸುಮಾರು 0.83 ಪಾಲು, ಅಂದರೆ ಲಾಭವೇ. ತಂಗಿಗೆ ಖುಷಿಯೋ ಖುಷಿ. ನಾನು ಹಿಂದಿನ ವಾರದ ಪಕ್ಕ ಇಟ್ಟು ನೋಡಿದೆ. 7 ಪಾಲಿಗೆ 11 ಬರುತ್ತಿತ್ತು, ಈಗ 10 ಪಾಲಿಗೆ 12. ಹೆಚ್ಚಿಗೆ ಹಾಕಿದ 3 ಪಾಲು ತಂದದ್ದು ಒಂದೇ ಒಂದು ಬುಕಿಂಗ್! ಸರಾಸರಿಯ ಮರೆಯಲ್ಲಿ ಆ ನಷ್ಟ ಕಾಣುತ್ತಲೇ ಇರಲಿಲ್ಲ. ಒಂದು ವಾರಕ್ಕೂ ಇನ್ನೊಂದು ವಾರಕ್ಕೂ ಹೇಗೂ ಸ್ವಲ್ಪ ಏರುಪೇರು ಇರುತ್ತದೆ, ಒಂದು ಬುಕಿಂಗ್‌ನಿಂದ ತೀರ್ಮಾನ ಮಾಡಬಾರದು ಎಂದು ಪದಗಳ ಪಟ್ಟಿಯನ್ನೂ ನೋಡಿದೆ. ಹೊಸದಾಗಿ ಸೇರಿದ್ದೆಲ್ಲ ಸೋಫಾ ಕವರ್, ಹಳೇ ಸೋಫಾ ಮಾರಾಟ ಇಂಥವೇ. ಹಾಗಾಗಿ ಅನುಮಾನ ಉಳಿಯಲಿಲ್ಲ. ಸರ್ಚನ್ನು ವಾರಕ್ಕೆ 7 ಪಾಲಿಗೆ ಕಟ್ಟಿಹಾಕಿದೆ, ಕೊನೆಯವರೆಗೂ ಅಲ್ಲಿಂದ ಏರಿಸಲಿಲ್ಲ.

ಸೋಷಿಯಲ್ ಜಾಹೀರಾತು ಮೂರನೇ ವಾರ ಶುರುವಾಗಿತ್ತು. ಅಲ್ಲಿ ನಾನು ಮಾಡಿದ ತಪ್ಪು 4 ಪಾಲನ್ನು ನಾಲ್ಕು ಆ್ಯಡ್ ಸೆಟ್‌ಗೆ, ಅಂದರೆ ಬೇರೆ ಬೇರೆ ಜನರಿಗೆ ತೋರಿಸುವ ನಾಲ್ಕು ಜಾಹೀರಾತು ಗುಂಪುಗಳಿಗೆ, ಒಡೆದದ್ದು. ವಯಸ್ಸಿಗೊಂದು, ಬಡಾವಣೆಗೊಂದು ಅಂತ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು, ಬಂದದ್ದು 2 ಬುಕಿಂಗ್. ಇನ್‌ಸ್ಟಾಗ್ರಾಂ, ಫೇಸ್‌ಬುಕ್ ನಡೆಸುವ ಮೆಟಾದ ವ್ಯವಸ್ಥೆ ಯಾರಿಗೆ ತೋರಿಸಬೇಕು ಎಂದು ಕಲಿಯಲು ಒಂದು ಆ್ಯಡ್ ಸೆಟ್‌ಗೆ ವಾರಕ್ಕೆ ಸುಮಾರು 50 ಫಲಿತಾಂಶ ಬೇಕು. ನಮ್ಮಂಥ ಸಣ್ಣ ಬಜೆಟ್ಟಿನಲ್ಲಿ 50 ಬುಕಿಂಗ್ ಒಂದು ಸೆಟ್‌ಗೇ ಸಿಗುವುದಿಲ್ಲ, ನಾಲ್ಕಕ್ಕೆ ಎಲ್ಲಿಂದ ಬರಬೇಕು? ಎಲ್ಲವನ್ನೂ ಒಂದೇ ಸೆಟ್‌ಗೆ ಸೇರಿಸಿದೆ. ಇಡೀ ಊರು, ಎರಡು ವಿಡಿಯೋ, ಗುರಿಯಾಗಿ ಬುಕಿಂಗ್ ಬದಲು ವಾಟ್ಸ್‌ಆ್ಯಪ್ ಮೆಸೇಜ್.

ಮೆಸೇಜ್ ಏನೋ ಬಂದವು. ಒಂದೇ ವಾರದಲ್ಲಿ ಅರವತ್ತು. ತಂಗಿ ರಾತ್ರಿ ಹತ್ತರವರೆಗೆ ಉತ್ತರ ಕೊಡುತ್ತಾ ಕೂರುತ್ತಿದ್ದಳು. ಎಲ್ಲರದ್ದೂ ಒಂದೇ ಪ್ರಶ್ನೆ, "ಎಷ್ಟಾಗುತ್ತೆ?" ರೇಟ್ ಹೇಳಿದ ಮೇಲೆ ಅತ್ತಲಿಂದ ಸದ್ದೇ ಇಲ್ಲ. 5 ಪಾಲು ಹೋಗಿ 4 ಬುಕಿಂಗ್ ಬಂತು. ಮುಂದಿನ ವಾರ ಮೂರು ಸೀಟಿನ ಸೋಫಾದ ರೇಟನ್ನು ವಿಡಿಯೋದ ಮೇಲೇ ಬರೆಸಿದೆ. ಮೆಸೇಜ್ 35ಕ್ಕೆ ಇಳಿಯಿತು. ಆ್ಯಪ್‌ನ ಪ್ರಕಾರ ಜಾಹೀರಾತು ಕೆಟ್ಟಿತ್ತು, ಯಾಕೆಂದರೆ ಒಂದು ಮೆಸೇಜಿನ ಖರ್ಚು ಏರಿತ್ತು. ನಮ್ಮ ಬುಕ್ಕಿನಲ್ಲಿ ಮಾತ್ರ ಅದೇ 5 ಪಾಲಿಗೆ 7 ಬುಕಿಂಗ್. ರೇಟ್ ಕೇಳಿ ಹಿಂದೆ ಸರಿಯುವವರು ಮೆಸೇಜ್ ಮಾಡುವ ಮೊದಲೇ ಸರಿದುಹೋಗಿದ್ದರು.

ಇನ್ನು ಇನ್‌ಫ್ಲುಯೆನ್ಸರ್. ಇಬ್ಬರ ಜೊತೆ ಮಾತಾಡಿದೆ. ಒಬ್ಬರಿಗೆ 2 ಲಕ್ಷ ಫಾಲೋವರ್, ಕೇಳಿದ್ದು 24 ಪಾಲಿನಷ್ಟು. ಇನ್ನೊಬ್ಬರಿಗೆ 8 ಸಾವಿರ, ಕೇಳಿದ್ದು 4 ಪಾಲು. ಇಬ್ಬರಿಗೂ ಒಂದೇ ಮಾತು ಕೇಳಿದೆ: "ನಿಮ್ಮ ಫಾಲೋವರ್‌ಗಳು ಯಾವ ಊರಿನವರು ಅಂತ ಇನ್‌ಸೈಟ್ಸ್‌ನಲ್ಲಿ ಇರುತ್ತಲ್ವಾ, ಅದರ ಸ್ಕ್ರೀನ್‌ಶಾಟ್ ಕಳಿಸ್ತೀರಾ?" ದೊಡ್ಡವರ ಫಾಲೋವರ್‌ಗಳಲ್ಲಿ ನಮ್ಮ ಊರಿನವರು ಶೇಕಡಾ 6, ಅಂದರೆ 12 ಸಾವಿರ. ಚಿಕ್ಕವರದ್ದು ಶೇಕಡಾ 60, ಅಂದರೆ 4,800. ಪಾಲಿಗೆ ಭಾಗಿಸಿದರೆ ಅಲ್ಲಿ 500 ಜನ, ಇಲ್ಲಿ 1,200 ಜನ. ಚಿಕ್ಕವರನ್ನೇ ಒಪ್ಪಿಕೊಂಡೆ. ದುಡ್ಡು ಕೊಟ್ಟು ಮಾಡಿಸಿದ ವಿಡಿಯೋ ಎಂದು ಸ್ಪಷ್ಟವಾಗಿ ಹಾಕಬೇಕು, ಅದನ್ನು ನಾವೂ ಜಾಹೀರಾತಾಗಿ ಬಳಸಲು ಅನುಮತಿ ಬೇಕು ಎಂದು ಮೊದಲೇ ಬರೆದುಕೊಂಡೆವು. ಅವರ ಹೆಸರಿನ ಒಂದು ರಿಯಾಯಿತಿ ಕೋಡ್ ಕೂಡ ಕೊಟ್ಟೆವು.

ವಿಡಿಯೋ ಬಂದ ವಾರದಲ್ಲಿ ಕೋಡ್ ಬಳಸಿದವರು ಮೂರೇ ಜನ. 4 ಪಾಲಿಗೆ 3 ಬುಕಿಂಗ್, ನಷ್ಟ. ಇನ್ನು ಈ ದಾರಿ ಬೇಡ ಎಂದುಕೊಳ್ಳುವಷ್ಟರಲ್ಲಿ ತಂಗಿ ಫೋನಿನಲ್ಲಿ ಮಾತಾಡುವುದು ಕಿವಿಗೆ ಬಿತ್ತು. ಪ್ರತಿ ಬುಕಿಂಗ್‌ಗೂ ಕೇಳಬೇಕು ಎಂದು ಮಾಡಿಕೊಂಡಿದ್ದ ಪ್ರಶ್ನೆ ಅದು.

"ನಮ್ಮ ಬಗ್ಗೆ ಹೇಗೆ ಗೊತ್ತಾಯ್ತು ಮೇಡಂ?"

"ಗೂಗಲ್‌ನಲ್ಲಿ ಸಿಕ್ತು."

ಸಾಮಾನ್ಯವಾಗಿ ಅಲ್ಲಿಗೇ ಬಿಡುತ್ತಿದ್ದಳು. ಅವತ್ತು ಇನ್ನೊಂದು ಮಾತು ಕೇಳಿದಳು. "ಏನಂತ ಹುಡುಕಿದ್ರಿ ಮೇಡಂ?"

"ನಿಮ್ಮ ಹೆಸರೇ ಹಾಕಿದೆ. ಒಂದು ವಿಡಿಯೋದಲ್ಲಿ ನೋಡಿದ್ದೆ, ಆ ಕೋಡ್ ಏನೋ ನೆನಪಿರಲಿಲ್ಲ."

ನಾನು ಎದ್ದು ಹೋಗಿ ಪದಗಳ ಪಟ್ಟಿ ತೆರೆದೆ. ವಿಡಿಯೋ ಬರುವ ಮೊದಲು ನಮ್ಮ ಸೇವೆಯ ಹೆಸರನ್ನು ಯಾರೂ ಟೈಪ್ ಮಾಡುತ್ತಿರಲಿಲ್ಲ. ಈಗ ದಿನವೂ ಇತ್ತು. ಹಿಂದಿನ ಹತ್ತು ದಿನಗಳಲ್ಲಿ 'ಗೂಗಲ್' ಎಂದು ಬರೆದುಕೊಂಡವರಿಗೆಲ್ಲ ತಂಗಿ ಮತ್ತೆ ಫೋನ್ ಮಾಡಿ ಕೇಳಿದಳು. ಅವರಲ್ಲಿ ಐದು ಜನ ಬಂದದ್ದು ಆ ವಿಡಿಯೋದಿಂದ. ಬೀಜ ಬಿತ್ತಿದ್ದು ಒಬ್ಬರು, ಫಸಲು ಬರೆದುಕೊಂಡದ್ದು ಸರ್ಚ್‌ನ ಖಾತೆಗೆ. ಸರಿಯಾಗಿ ಎಣಿಸಿದರೆ 4 ಪಾಲಿಗೆ 8 ಬುಕಿಂಗ್. ಅವತ್ತೇ ನಮ್ಮ ಹೆಸರಿನ ಹುಡುಕಾಟಕ್ಕೆ ಬೇರೆ ಕ್ಯಾಂಪೇನ್ ಮಾಡಿ, ಅದರ ಬುಕಿಂಗ್‌ಗಳನ್ನು ಸರ್ಚ್‌ನ ಲೆಕ್ಕಕ್ಕೆ ಸೇರಿಸುವುದನ್ನು ನಿಲ್ಲಿಸಿದೆ. ಅವರನ್ನು ಕರೆತಂದದ್ದು ಯಾವುದು ಎಂದು ಫೋನಿನಲ್ಲಿ ಕೇಳಿ, ಆ ದಾರಿಯ ಲೆಕ್ಕಕ್ಕೆ ಹಾಕಿದೆವು.

ಹಾಗಂತ ಈ ದಾರಿಯೂ ಉದ್ದ ಇರಲಿಲ್ಲ. ಎರಡು ವಾರ ಕಳೆದಂತೆ ಹೆಸರಿನ ಹುಡುಕಾಟ ಇಳಿಯಿತು. ಇನ್ನೊಬ್ಬ ಚಿಕ್ಕ ಇನ್‌ಫ್ಲುಯೆನ್ಸರ್‌ಗೆ ಮತ್ತೆ 4 ಪಾಲು ಕೊಟ್ಟೆ, ಎಲ್ಲ ಸೇರಿ 2 ಬುಕಿಂಗ್. ಇಬ್ಬರನ್ನೂ ಹೆಚ್ಚುಕಡಿಮೆ ಅದೇ ಜನ ನೋಡುತ್ತಿದ್ದರು, ನಾನು ಅದನ್ನು ಮೊದಲೇ ನೋಡಿಕೊಳ್ಳಬೇಕಿತ್ತು. ಕಾಮೆಂಟ್ ಮಾಡುವವರ ಹೆಸರು ಹೋಲಿಸಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಬದಲಿಗೆ ಮೊದಲಿನವರ ವಿಡಿಯೋವನ್ನೇ ಅವರ ಅನುಮತಿಯಿಂದ ಸೋಷಿಯಲ್ ಜಾಹೀರಾತಾಗಿ ಹಾಕಿದೆ. ಅವರು ತಮ್ಮ ಸೋಫಾದಿಂದ ಬಂದ ಕಪ್ಪು ನೀರನ್ನು ಬಕೆಟ್ಟಿನಲ್ಲಿ ತೋರಿಸುವ ಆ ಹದಿನೈದು ಸೆಕೆಂಡ್, ನಾವು ಕಷ್ಟಪಟ್ಟು ತೆಗೆದ ಎರಡೂ ವಿಡಿಯೋಗಳನ್ನು ಹಿಂದೆ ಹಾಕಿತು. ಕೊನೆಯ ಮೂರು ವಾರ ಸೋಷಿಯಲ್‌ಗೆ ವಾರಕ್ಕೆ 6 ಪಾಲು ಹೋಯಿತು, ಅದರಲ್ಲಿ ಬಹುಪಾಲು ಈ ವಿಡಿಯೋಗೇ.

ಎಂಟು ವಾರ ಮುಗಿದಾಗ ಸರ್ಚ್‌ಗೆ 57, ಸೋಷಿಯಲ್‌ಗೆ 32, ಇನ್‌ಫ್ಲುಯೆನ್ಸರ್‌ಗೆ 8 ಪಾಲು ಹೋಗಿತ್ತು. ಎತ್ತಿಟ್ಟ 20ರಲ್ಲಿ ಬಹುತೇಕ ಸರ್ಚ್ ತಿಂದಿತ್ತು. ಈಗ ಶನಿವಾರ, ಭಾನುವಾರದ ಸಮಯವೆಲ್ಲ ಮೊದಲೇ ತುಂಬಿಬಿಡುತ್ತದೆ. ತುಂಬಿದ ತಕ್ಷಣ ತಂಗಿ ಆ ಎರಡು ದಿನದ ಸೋಷಿಯಲ್ ಜಾಹೀರಾತನ್ನು ನಿಲ್ಲಿಸುತ್ತಾಳೆ, ಸರ್ಚನ್ನು ಮಾತ್ರ ಬಿಡುತ್ತಾಳೆ. ಉಳಿದ 3 ಪಾಲನ್ನು ಹಾಗೇ ಇಟ್ಟಿದ್ದೇವೆ. ಅದೇ ಊರಿನಲ್ಲಿ ಬೇರೆ ಜನ ನೋಡುವ ಇನ್‌ಫ್ಲುಯೆನ್ಸರ್ ಸಿಕ್ಕರೆ ಅವರಿಗೆ.