ಕೀ ಕೊಡದೆ ಗುರುತು ಹೇಳುವ ಸಿಮ್: ಮೇಜಿನ ಮೇಲೆ ಮಾಡಿ ನೋಡಿದ ನನ್ನ ಅನುಭವ

ಹೋದ ವರ್ಷ ಶರಣಬಸವೇಶ್ವರ ಜಾತ್ರೆ ಮುಗಿದ ವಾರ. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನ ಮೊಬೈಲ್ ರಿಪೇರಿ ಅಂಗಡಿ. ಟವರ್ ಕೆಲಸ ಮಾಡುವ ಸೇಡಂ ಕಡೆಯ ಅಣ್ಣ ಒಬ್ಬರು ಚಹಾಕ್ಕೆ ಬಂದಿದ್ದರು. ಸಿಮ್ ಒಳಗೆ ಒಂದು ಗುಟ್ಟಿನ ಸಂಖ್ಯೆ ಇರುತ್ತದೆ, ಅದೇ ಕೀ; ನೆಟ್‌ವರ್ಕಿಗೆ ಗುರುತು ಹೇಳುವಾಗ ಅದು ಗಾಳಿಯಲ್ಲಿ ಹೋಗುವುದೇ ಇಲ್ಲ ಅಂತ ನಾನು ಹೇಳಿದೆ. ಅವರು ನಕ್ಕರು. "ಕೀ ಹೋಗಲಾರ್ದೆ ಗುರ್ತು ಹ್ಯಾಂಗ ಸಿಗ್ತದ ತಮ್ಮಾ? ಎಲ್ಲೋ ಒಂದ್ ಕಡಿ ಹೋಗೇ ಹೋಗ್ತದ." ಪಕ್ಕದ ಅಂಗಡಿಯವರೂ ಅವರ ಕಡೆಗೇ ವಾಲಿದರು. ಸರಿ, ಮಾಡಿಯೇ ತೋರಿಸ್ತೀನಿ ಅಂದೆ. ತೋರಿಸಲು ಐದು ತಿಂಗಳು ಹಿಡಿಯಿತು.

ರೇಡಿಯೋ ತಂಟೆಗೆ ನಾನು ಹೋಗಲಿಲ್ಲ. ಲೈಸೆನ್ಸ್ ಇಲ್ಲದೆ ಆ ತರಂಗಗಳಲ್ಲಿ ಏನನ್ನೂ ಬಿಡುವ ಹಾಗಿಲ್ಲ. ಅದರ ಅಗತ್ಯವೂ ಇರಲಿಲ್ಲ. ಗುರುತಿನ ಪರೀಕ್ಷೆಯಲ್ಲಿ ಫೋನು ಬರೀ ಅಂಚೆಯವನು. ನೆಟ್‌ವರ್ಕ್ ಕೊಟ್ಟಿದ್ದನ್ನು ಕಾರ್ಡಿಗೆ ಮುಟ್ಟಿಸುತ್ತದೆ, ಕಾರ್ಡಿನ ಉತ್ತರವನ್ನು ವಾಪಸ್ ಒಯ್ಯುತ್ತದೆ. ಹಾಗಾದರೆ ಫೋನಿನ ಜಾಗದಲ್ಲಿ ಒಂದು ಯುಎಸ್‌ಬಿ ಕಾರ್ಡ್ ರೀಡರ್, ನೆಟ್‌ವರ್ಕ್ ಜಾಗದಲ್ಲಿ ನನ್ನ ಹಳೇ ಲ್ಯಾಪ್‌ಟಾಪ್ ಸಾಕು, ಅಲ್ವಾ?

ಖರ್ಚು ಹೇಳಿಬಿಡುತ್ತೇನೆ. ರೀಡರ್ ಸುಮಾರು 1,400 ರೂಪಾಯಿ. ನಮ್ಮದೇ ಕೀ ಬರೆಯಲು ಬಿಡುವ ಸಿಮ್‌ಗಳು ಹತ್ತರ ಪ್ಯಾಕಿನಲ್ಲಿ ಹೊರದೇಶದಿಂದ ಬರುತ್ತವೆ. ಪೋಸ್ಟು, ಕಸ್ಟಮ್ಸ್ ಎಲ್ಲ ಸೇರಿ ಹನ್ನೆರಡು ಸಾವಿರದ ಹತ್ತಿರ ಹೋಯಿತು. ಮೊದಲ ಕಾರ್ಡು ಎರಡೇ ದಿನಕ್ಕೆ ಸತ್ತಿತು. ಅದಕ್ಕೆ ಬರೆಯಲು ಬೇಕಾದ ಅಡ್ಮಿನ್ ಕೋಡನ್ನು ಪಟ್ಟಿಯಲ್ಲಿ ಪಕ್ಕದ ಕಾರ್ಡಿನ ಸಾಲಿನಿಂದ ಓದಿ ಹೊಡೆದಿದ್ದೆ. ಕೆಲವು ಸಲ ತಪ್ಪಿದರೆ ಲಾಕ್, ಆಮೇಲೆ ದೇವರೇ ಬಂದರೂ ತೆಗೆಯಲಾಗದು. ಸಾವಿರದ ಮೇಲೆ ನೀರು ಬಿಟ್ಟೆ.

ನ್ಯಾನೋ ಸೈಜಿನ ಕಾರ್ಡನ್ನು ದೊಡ್ಡ ರೀಡರ್‌ನಲ್ಲಿ ಕೂರಿಸುವ ಅಡಾಪ್ಟರ್ ಕೂಡ ಬಹಳ ಕಾಡಿತು. ಬಿಸಿಲಿಗೆ ಪ್ಲಾಸ್ಟಿಕ್ ಬಾಗಿ ಪಿನ್ ತಾಗುತ್ತಿರಲಿಲ್ಲ. ಕೊನೆಗೆ ಅಂಗಡಿಯಲ್ಲೇ ಇದ್ದ ಒಂದು ವಸ್ತುವಿನಿಂದ ಸರಿ ಮಾಡಿದೆ. ಅದು ಏನು ಅಂತ ಮಾತ್ರ ಹೇಳಲ್ಲ.

ಕಾರ್ಡಿಗೆ ಯಾವ ಕೀ ಬರೆಯಬೇಕು? ನಾನು ಮೊಬೈಲ್ ನೆಟ್‌ವರ್ಕಿನ ನಿಯಮ ಬರೆಯುವ 3ಜಿಪಿಪಿಯ 35.208 ದಾಖಲೆಯಲ್ಲಿರುವ ಮೊದಲ ಪರೀಕ್ಷಾ ಲೆಕ್ಕವನ್ನೇ ತೆಗೆದುಕೊಂಡೆ. ಕೀ, ಪ್ರಶ್ನೆ, ಉತ್ತರ ಎಲ್ಲವೂ ಅಲ್ಲೇ ಅಚ್ಚಾಗಿವೆ. ಕೀ ಮತ್ತು ಪ್ರಶ್ನೆಯಿಂದ ಉತ್ತರ ಹುಟ್ಟಿಸುವ ಮಿಲೆನೇಜ್ ಲೆಕ್ಕವನ್ನು ಪೈಥಾನ್‌ನಲ್ಲಿ ಎಂಬತ್ತು ಸಾಲಿನಷ್ಟು ಬರೆದೆ. ಅದು ಪುಸ್ತಕದ ಉತ್ತರಗಳನ್ನು ಚಾಚೂ ತಪ್ಪದೆ ಕೊಟ್ಟ ಮೇಲೆಯೇ ಕಾರ್ಡ್ ಮುಟ್ಟಿದೆ. ಕೆಳಗೆ ಬರುವ ಹೆಸರುಗಳೆಲ್ಲ ನನ್ನ ಪರದೆಯ ಮೇಲೆ ಇದ್ದ ಹಾಗೇ ಇವೆ: RAND ಅಂದರೆ ನೆಟ್‌ವರ್ಕಿನ ಪ್ರಶ್ನೆ, AUTN ಅಂದರೆ ನೆಟ್‌ವರ್ಕ್ ತೋರಿಸುವ ಗುರುತಿನ ಚೀಟಿ, RES ಅಂದರೆ ಕಾರ್ಡಿನ ಉತ್ತರ. ಅದೇ ಕೀ ನೆಟ್‌ವರ್ಕಿನ ಬಳಿಯೂ ಇರುವುದರಿಂದ ಅದೂ ಲೆಕ್ಕ ಹಾಕಿ ಉತ್ತರ ತಾಳೆ ನೋಡುತ್ತದೆ.

ಕಳಿಸಿದ ಕಮಾಂಡ್ ಇಷ್ಟು:

```
00 88 00 81 22
10 23553CBE9637A89D218AE64DAE47BF35
10 55F328B43577B9B94A9FFAC354DFAFB3
```

ಮೊದಲ ಉತ್ತರ `98 62`. ಅಂದರೆ ಚೀಟಿಯ ಮೇಲಿನ ಸಹಿ ತಪ್ಪು, ಇದು ನನ್ನ ನೆಟ್‌ವರ್ಕ್ ಅಲ್ಲ ಅಂತ ಕಾರ್ಡು ಹೇಳುತ್ತಿದೆ. ಹತ್ತು ಸಲ ಕಳಿಸಿದರೂ ಅದೇ. ಪಿನ್ ಕೆದಕಿದೆ, ಕಾರ್ಡ್ ಬದಲಿಸಿದೆ, ಪುನಃ ಕೀ ಬರೆದೆ. ಎರಡು ವಾರ ಹೋಯಿತು. ತಪ್ಪು ಇದ್ದದ್ದು ಕಣ್ಣಿನಲ್ಲಿ. ಕೀ ಜೊತೆಗೆ ಕಾರ್ಡಿಗೆ ಇನ್ನೊಂದು ಸಂಖ್ಯೆ ಬೇಕು. ಕಂಪನಿಯದು OP, ಅದನ್ನು ಆಯಾ ಕಾರ್ಡಿನ ಕೀಯೊಂದಿಗೆ ಬೆರೆಸಿದರೆ ಬರುವುದು OPc. ಪುಸ್ತಕದಲ್ಲಿ ಮೊದಲನೆಯದು `cdc202d5…`, ಎರಡನೆಯದು `cd63cb71…`. ಎರಡೂ `cd` ಇಂದಲೇ ಶುರು! ನಾನು OPc ಜಾಗಕ್ಕೆ OP ಬರೆದು ಕೂತಿದ್ದೆ. ತಿದ್ದಿದ ಮೇಲೆ `98 62` ಹೋಯಿತು.

ಬಂದಿದ್ದು `61 10`. ಹದಿನಾರು ಬೈಟ್ ಉತ್ತರ ಕಾಯುತ್ತಿದೆ ಅಂತ ಅದರ ಅರ್ಥ. ತೆಗೆದು ನೋಡಿದರೆ ಶುರುವಿನಲ್ಲೇ `DC`. ನನಗೆ ಬೇಕಾಗಿದ್ದು ಪಾಸ್ ಅನ್ನುವ `DB`. ಇದೂ ಫೇಲ್ ಅಂದುಕೊಂಡು ರೀಡರ್ ಮುಚ್ಚಿಟ್ಟೆ. ಮೂರು ವಾರ ಮುಟ್ಟಲಿಲ್ಲ. ಅಣ್ಣ ಬಂದಾಗೆಲ್ಲ "ಎಲ್ಲಿಗೆ ಬಂತು ನಿನ್ನ ಕೀ ಪುರಾಣ?" ಅನ್ನೋರು.

ಒಂದು ಮಧ್ಯಾಹ್ನ ಕರೆಂಟ್ ಹೋಗಿತ್ತು. ಸುಮ್ನೆ ಕಾಗದದ ಮೇಲೆ ಗೀಚುತ್ತಾ ಕೂತಾಗ ಹೊಳೆಯಿತು. ಕಾರ್ಡು ಮೊದಲು ಸಹಿ ನೋಡುತ್ತದೆ. ಸಹಿ ಸರಿ ಇದ್ದರೆ ಮಾತ್ರ ಸರಣಿ ಸಂಖ್ಯೆ ನೋಡುತ್ತದೆ. `DC` ಅಂದರೆ ಸರಣಿ ಸಂಖ್ಯೆ ಒಪ್ಪಲಿಲ್ಲ ಅಂತ. ಹಾಗಾದರೆ ಸಹಿ ಪಾಸಾಗಿದೆ! ಎರಡೂ ಕಡೆಯ ಕೀ ಒಂದೇ ಅಂತ ಕಾರ್ಡೇ ಒಪ್ಪಿಕೊಂಡಿದೆ. ಮೂರು ವಾರ ನಾನು ಗೆದ್ದು ಅಳುತ್ತಾ ಕೂತಿದ್ದೆ.

ಈ ಸರಣಿ ಸಂಖ್ಯೆ ಇರುವುದು ಹಳೇ ಚೀಟಿಯನ್ನು ಯಾರೂ ಮತ್ತೆ ತೋರಿಸಬಾರದು ಅಂತ. ನೆಟ್‌ವರ್ಕ್ ಪ್ರತಿ ಸಲ ಹೆಚ್ಚಿಸುತ್ತಾ ಹೋಗುತ್ತದೆ, ಕಾರ್ಡು ಕೊನೆಯದನ್ನು ನೆನಪಿಟ್ಟುಕೊಳ್ಳುತ್ತದೆ. ಒಟ್ಟು 48 ಬಿಟ್. ನನ್ನ ಕಾರ್ಡಿನಲ್ಲಿ ಮೇಲಿನ 43 ಎಣಿಕೆಗೆ, ಕೆಳಗಿನ 5 ಖಾನೆಗೆ, ಖಾನೆಯ ಕಥೆ ಆಮೇಲೆ. ಪುಸ್ತಕದ ಸಂಖ್ಯೆ `ff9bb4d0b607`. ಎಣಿಕೆ ಎಂಟು ಲಕ್ಷ ಕೋಟಿ ದಾಟಿದೆ. ಹೊಸ ಕಾರ್ಡು ಇನ್ನೂ ಸೊನ್ನೆಯಲ್ಲಿ ನಿಂತಿದೆ. ಒಂದೇ ನೆಗೆತಕ್ಕೆ ಸುಮಾರು 26.8 ಕೋಟಿಗಿಂತ ಮುಂದೆ ಹೋದರೆ ಒಪ್ಪಬೇಡ ಅಂತ ಅದಕ್ಕೊಂದು ಮಿತಿ ಇದೆ. ಇಲ್ಲದಿದ್ದರೆ ಸರ್ವರ್ ಒಮ್ಮೆ ತಲೆಕೆಟ್ಟು ತುದಿಯ ಸಂಖ್ಯೆ ಕಳಿಸಿದರೆ ಸಾಕು, ಮುಂದೆ ಎಣಿಸಲು ಸಂಖ್ಯೆಯೇ ಉಳಿಯದೆ ಕಾರ್ಡು ಕಸ.

ಊಹೆ ಸರಿಯೋ ಅಂತ ನೋಡಲು `DC` ಹಿಂದೆ ಬಂದ ಹದಿನಾಲ್ಕು ಬೈಟ್ ಬಿಚ್ಚಿದೆ. ಇದಕ್ಕೆ AUTS ಅನ್ನುತ್ತಾರೆ. "ನಾನು ಇಲ್ಲಿದ್ದೇನೆ, ಇಲ್ಲಿಂದ ಶುರು ಮಾಡು" ಅಂತ ಕಾರ್ಡು ನೆಟ್‌ವರ್ಕಿಗೆ ಬರೆಯುವ ಪತ್ರ ಅದು. ಸಂಖ್ಯೆಯನ್ನು ಬೆತ್ತಲಾಗಿ ಬರೆಯುವುದಿಲ್ಲ, ಕೀಯಿಂದ ಹುಟ್ಟಿದ ಒಂದು ಮುಸುಕು ಹಾಕುತ್ತದೆ. ಮೊದಲ ಆರು ಬೈಟ್ `451e8beca43b`. ಪುಸ್ತಕದಲ್ಲಿ ಇದೇ ಪ್ರಶ್ನೆಗೆ ಕೊಟ್ಟಿರುವ ಮುಸುಕು ಕೂಡ `451e8beca43b`. ಮುಸುಕಷ್ಟೇ ಇದೆ, ಹಿಂದೆ ಸೊನ್ನೆ. ಕಾರ್ಡು ಸೊನ್ನೆಯಲ್ಲೇ ಇದೆ ಅಂತ ಖಾತ್ರಿ ಆಯಿತು. ಅಂಗಡಿಯಲ್ಲಿ ಒಬ್ಬನೇ ಕೂತು ಚಪ್ಪಾಳೆ ಹೊಡೆದೆ.

ಸರಣಿ ಸಂಖ್ಯೆಯನ್ನು 32ಕ್ಕೆ ಇಳಿಸಿದೆ. ಕೆಳಗಿನ 5 ಬಿಟ್ ಖಾನೆಗೆ ಹೋಗುವುದರಿಂದ 32 ಅಂದರೆ ಎಣಿಕೆ ಒಂದು, ಖಾನೆ ಸೊನ್ನೆ. ಅದೇ RAND ಇಟ್ಟು ಹೊಸ ಚೀಟಿ ಲೆಕ್ಕ ಹಾಕಿ ಕಳಿಸಿದೆ. `61 35` ಬಂತು. ತೆಗೆದರೆ `DB 08 A54211D5E3BA50BF`. ಪುಸ್ತಕದ RES ಅದೇ. ಸರಣಿ ಸಂಖ್ಯೆ ಬದಲಾದರೂ RES ಬದಲಾಗುವುದಿಲ್ಲ, ಅದು ಕೀ ಮತ್ತು ಪ್ರಶ್ನೆಯಿಂದ ಮಾತ್ರ ಹುಟ್ಟುತ್ತದೆ. ಅದರ ಹಿಂದೆಯೇ ಮಾತುಕತೆಯನ್ನು ಕಾಯುವ ಹೊಸ ಕೀಗಳೂ ಬಂದವು. ಅವೂ ಗಾಳಿಗೆ ಹೋಗುವುದಿಲ್ಲ, ಕಾರ್ಡಿನಿಂದ ಫೋನಿಗೆ ಅಷ್ಟೇ. ಅದೇ ಚೀಟಿಯನ್ನು ಎರಡನೇ ಸಲ ಕಳಿಸಿದೆ: `61 10`. ಹಳೇ ಚೀಟಿ ನಡೆಯೋದಿಲ್ಲ. ಚೀಟಿಯ ಕೊನೆಯ ಒಂದು ಬಿಟ್ ತಿರುಗಿಸಿ ಕಳಿಸಿದೆ: `98 62`. ಉತ್ತರದ ಒಂದು ಅಕ್ಷರವೂ ಇಲ್ಲ. ನೆಟ್‌ವರ್ಕ್ ತನ್ನನ್ನು ಸಾಬೀತು ಮಾಡುವ ತನಕ ಕಾರ್ಡು ಬಾಯಿ ಬಿಡುವುದಿಲ್ಲ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಕೈ ಸುಮ್ಮನಿರಲಿಲ್ಲ. ಖಾನೆ ಸೊನ್ನೆಯಲ್ಲಿ ಎಣಿಕೆ ಐದು ಕಳಿಸಿದೆ, ಒಪ್ಪಿತು. ಆಮೇಲೆ ಖಾನೆ ಒಂದರಲ್ಲಿ ಎಣಿಕೆ ಮೂರು ಕಳಿಸಿದೆ. ಐದು ಆದ ಮೇಲೆ ಮೂರು, ತಿರಸ್ಕರಿಸಬೇಕು ತಾನೇ? ಅದನ್ನೂ ಒಪ್ಪಿತು! ಒಂದು ದಿನ ತಲೆ ಕೆಟ್ಟಿತ್ತು. ಕಾರ್ಡಿನಲ್ಲಿ ಒಂದೇ ನೆನಪಿಲ್ಲ, 32 ಖಾನೆಗಳಿವೆ, ಪ್ರತಿ ಖಾನೆಗೂ ಬೇರೆ ಲೆಕ್ಕ. ನೀವು ಬಸ್ಸಿನಲ್ಲಿ ಕಲಬುರಗಿಯಿಂದ ಬೀದರಿಗೆ ಹೋಗುವಾಗ ನೆಟ್‌ವರ್ಕಿನ ಬೇರೆ ಬೇರೆ ಉಪಕರಣಗಳು ಚೀಟಿಗಳನ್ನು ಮೊದಲೇ ತರಿಸಿಟ್ಟುಕೊಂಡಿರಬಹುದು. ಅವು ಹಿಂದುಮುಂದಾಗಿ ಬಂದರೂ ಫೋನ್ ಕಟ್ ಆಗಬಾರದು ಅಂತ ಈ ಏರ್ಪಾಡು.

ಇನ್ನೊಂದು ಪ್ರಯೋಗ ನನಗೇ ಮುಜುಗರ ತಂದಿತು. ಅದೇ ಕಾರ್ಡನ್ನು 2ಜಿ ರೀತಿಯಲ್ಲಿ ಕೇಳಿದೆ. `81` ಜಾಗದಲ್ಲಿ `80`, ಚೀಟಿ ಇಲ್ಲ, ಬರೀ ಪ್ರಶ್ನೆ:

```
00 88 00 80 11
10 23553CBE9637A89D218AE64DAE47BF35
```

ತಕ್ಷಣ ಉತ್ತರ: `04 46F8416A`, ಹಿಂದೆಯೇ ಎಂಟು ಬೈಟಿನ ಕೀ. ಯಾರು ನೀನು ಅಂತ ಕೇಳಲೇ ಇಲ್ಲ. RES ಅನ್ನು ಎರಡು ಹೋಳು ಮಾಡಿ ಬಿಟ್‌ಗೆ ಬಿಟ್ XOR ಮಾಡಿದರೆ ಇದೇ ಬರುತ್ತದೆ, ಕೈಯಲ್ಲೇ ಮಾಡಿ ನೋಡಿ. 2ಜಿಯಲ್ಲಿ ಫೋನು ಮಾತ್ರ ಗುರುತು ಹೇಳಬೇಕಿತ್ತು, ನೆಟ್‌ವರ್ಕ್ ಹೇಳಬೇಕಿರಲಿಲ್ಲ. ನಕಲಿ ಟವರ್‌ಗಳು ಫೋನನ್ನು 2ಜಿಗೆ ಎಳೆಯುವುದು ಇದಕ್ಕೇ. ಅಂದಿನಿಂದ ನನ್ನ ಫೋನಿನಲ್ಲಿ 2ಜಿ ಆಫ್.

ಕೊನೆಗೆ ಅಣ್ಣನನ್ನು ಕರೆದೆ. ವೈರಿನಲ್ಲಿ ಹೋದ ಬಂದ ಪ್ರತಿ ಬೈಟೂ ಒಂದು ಫೈಲಿನಲ್ಲಿ ಬರೆಸಿಟ್ಟಿದ್ದೆ. ಅದರಲ್ಲಿ ಕೀಯ ಮೊದಲ ಎಂಟು ಅಕ್ಷರ ಎಷ್ಟು ಸಾಲಿನಲ್ಲಿವೆ ಅಂತ ಹುಡುಕಿ ಅಂದೆ:

```
grep -ic 465b5ce8 log.txt
1
```

"ಸಿಕ್ತು ನೋಡು!" ಅಂತ ಎದ್ದು ನಿಂತರು. ನನ್ನ ಎದೆ ಧಸಕ್ಕೆಂದಿತು. ಆ ಸಾಲು ತೆಗೆದು ನೋಡಿದರೆ ತಾರೀಖು ಹಳೆಯದು. ನಾನೇ ಕಾರ್ಡಿಗೆ ಕೊನೆಯ ಸಲ ಕೀ ಬರೆದ ದಿನದ್ದು. ಎರಡೂ ಒಂದೇ ಫೈಲಿಗೆ ಹೋಗಿತ್ತು, ದಡ್ಡತನ ನನ್ನದೇ. ಮಾಮೂಲಿ ಸಿಮ್‌ಗೂ ಕೀ ಹೋಗುವುದು ಹಾಗೆ ಒಂದೇ ಸಲ, ಕಾರ್ಡು ತಯಾರಾಗುವಾಗ. ಅದರ ನಕಲೊಂದು ಕಂಪನಿಯ ಸರ್ವರಿಗೂ ಆಗಲೇ ಸೇರುತ್ತದೆ. ಫೈಲ್ ಖಾಲಿ ಮಾಡಿ, ಅವರ ಕೈಯಿಂದಲೇ ಇಪ್ಪತ್ತು ಸಲ ಪರೀಕ್ಷೆ ಓಡಿಸಿದೆ. ಮತ್ತೆ ಹುಡುಕಿದರೆ `0`.

ಅವರು ಇನ್ನೂ ಪೂರ್ತಿ ಒಪ್ಪಲಿಲ್ಲ. "ಇದು ನಿನ್ನ ಆಟದ ಕಾರ್ಡ್. ನಂದು ಹಾಕು" ಅಂತ ತಮ್ಮ ಫೋನಿನಿಂದ ಸಿಮ್ ತೆಗೆದು ಕೊಟ್ಟರು. ಹಾಕಿದೆ. ನನ್ನ ಚೀಟಿ ಒಂದೇ ಒಂದು ಸಲ ಕಳಿಸಿದೆ, ಇನ್ನೊಬ್ಬರ ಕಾರ್ಡಿನ ಜೊತೆ ಜಾಸ್ತಿ ಆಟ ಬೇಡ ಅಂತ.

`98 62`.

"ಏನಂತದ ಅದು?"

"ನೀ ಯಾರಂತ ಗೊತ್ತಿಲ್ಲ ಅಂತದ ಅಣ್ಣಾ."

ಸಿಮ್ ವಾಪಸ್ ಹಾಕಿಕೊಂಡರು. ಆವತ್ತಿನ ಚಹಾದ ದುಡ್ಡು ಅವರೇ ಕೊಟ್ಟರು.