ಗೆರೆ ನೇರವಾಗಿದೆಯಾ? R² ನೋಡಿ ಹೇಳಬೇಡಿ

ಕಾಲೇಜು ಲ್ಯಾಬ್ ಆಗಲಿ, ನೀರು ಪರೀಕ್ಷೆಯ ಚಿಕ್ಕ ಲ್ಯಾಬ್ ಆಗಲಿ, ಸ್ಪೆಕ್ಟ್ರೋಫೋಟೋಮೀಟರ್‌ನ ಕ್ಯಾಲಿಬ್ರೇಷನ್ ಕೆಲಸ ಹೆಚ್ಚಾಗಿ ಒಂದೇ ಥರ ಮುಗಿಯುತ್ತದೆ. ಆರು ಚುಕ್ಕೆ ಎಕ್ಸೆಲ್‌ಗೆ ಹಾಕುತ್ತಾರೆ, ಟ್ರೆಂಡ್‌ಲೈನ್ ಒತ್ತುತ್ತಾರೆ, R² 0.999 ದಾಟಿದ್ದರೆ ಫೈಲ್ ಮುಚ್ಚುತ್ತಾರೆ. ಆಮೇಲೆ ಬೋರ್‌ವೆಲ್ ನೀರಿನ ರಿಪೋರ್ಟ್‌ನಲ್ಲಿ ಮೈನಸ್ ಕಬ್ಬಿಣ ಬಂದಾಗ ಮೆಷಿನ್‌ಗೆ ಬೈಯುತ್ತಾರೆ. ಮೆಷಿನ್ ಸರಿಯಾಗೇ ಇರುತ್ತದೆ. ಗೆರೆಯನ್ನು ಯಾರೂ ಸರಿಯಾಗಿ ನೋಡಿರುವುದಿಲ್ಲ, ಅಷ್ಟೇ.

ಉದಾಹರಣೆಗೆ ನೀರಿನಲ್ಲಿರುವ ಕಬ್ಬಿಣವನ್ನೇ ತೆಗೆದುಕೊಳ್ಳೋಣ. ಫಿನಾಂತ್ರೋಲಿನ್ ಹಾಕಿದರೆ ಕಿತ್ತಳೆ-ಕೆಂಪು ಬಣ್ಣ ಬರುತ್ತದೆ, ಅದನ್ನು 510 ನ್ಯಾನೊಮೀಟರ್‌ನಲ್ಲಿ ಅಳೆಯುತ್ತೇವೆ. ಹಳೆಯ, ನಂಬಬಹುದಾದ ವಿಧಾನ.

ಹಂತ 1: ಸ್ಟ್ಯಾಂಡರ್ಡ್ ತಯಾರಿ

0.7022 ಗ್ರಾಂ ಫೆರಸ್ ಅಮೋನಿಯಂ ಸಲ್ಫೇಟನ್ನು ಸ್ವಲ್ಪ ಸಲ್ಫ್ಯೂರಿಕ್ ಆಸಿಡ್ ಹಾಕಿದ ನೀರಿನಲ್ಲಿ ಕರಗಿಸಿ 1 ಲೀಟರ್ ಮಾಡಿದರೆ 100 ಪಿಪಿಎಂ ಕಬ್ಬಿಣದ ಸ್ಟಾಕ್ ಸಿಗುತ್ತದೆ. ಅದರಿಂದ 20 ಪಿಪಿಎಂ ದ್ರಾವಣ ಮಾಡಿಕೊಳ್ಳಿ. ಅದನ್ನು 50 ಮಿ.ಲೀ. ಫ್ಲಾಸ್ಕ್‌ಗಳಿಗೆ ಬೇರೆ ಬೇರೆ ಅಳತೆಯಲ್ಲಿ ಹಾಕಿ: 2.5 ಮಿ.ಲೀ. ಹಾಕಿದರೆ 1 ಪಿಪಿಎಂ, 10 ಮಿ.ಲೀ. ಹಾಕಿದರೆ 4 ಪಿಪಿಎಂ, ಹೀಗೆ. ಪ್ರತಿ ಫ್ಲಾಸ್ಕ್‌ಗೂ ಹೈಡ್ರಾಕ್ಸಿಲಮೀನ್, ಅಸಿಟೇಟ್ ಬಫರ್, 0.1% ಫಿನಾಂತ್ರೋಲಿನ್ 10 ಮಿ.ಲೀ. ಹಾಕಿ ಗುರುತಿನವರೆಗೆ ನೀರು ತುಂಬಿ. 15 ನಿಮಿಷ ಬಿಡಿ.

ಒಂದು ಸ್ಟ್ಯಾಂಡರ್ಡ್‌ನಿಂದ ಇನ್ನೊಂದು, ಅದರಿಂದ ಮತ್ತೊಂದು ಅಂತ ಸರಪಳಿಯಾಗಿ ತೆಳು ಮಾಡುತ್ತಾ ಹೋಗಬೇಡಿ. ಬೇಗ ಆಗುತ್ತದೆ ನಿಜ, ಆದರೆ ಮೊದಲನೆಯದರಲ್ಲಾದ ತಪ್ಪು ಕೊನೆಯವರೆಗೂ ಹೋಗುತ್ತದೆ.

ಹಂತ 2: ಓದುವುದು

ಮೆಷಿನ್ ಅನ್ನು ಡಿಸ್ಟಿಲ್ಡ್ ವಾಟರ್‌ನಿಂದ ಸೊನ್ನೆ ಮಾಡಿ. ಕಬ್ಬಿಣ ಇಲ್ಲದೆ ಉಳಿದೆಲ್ಲ ರಾಸಾಯನಿಕ ಹಾಕಿದ ಬ್ಲ್ಯಾಂಕನ್ನು 0 ಪಿಪಿಎಂ ಚುಕ್ಕೆಯಾಗಿ ಓದಿ. ಬ್ಲ್ಯಾಂಕ್‌ನಿಂದಲೇ ಸೊನ್ನೆ ಮಾಡುವವರು ಬಹಳ ಮಂದಿ ಇದ್ದಾರೆ, ತಪ್ಪೇನಲ್ಲ. ಆದರೆ ಹಾಗೆ ಮಾಡಿದರೆ ಹೈಡ್ರಾಕ್ಸಿಲಮೀನ್‌ನಲ್ಲೇ ಕಬ್ಬಿಣ ಸೇರಿಕೊಂಡಿದ್ದರೂ ನಿಮಗೆ ಗೊತ್ತಾಗುವುದಿಲ್ಲ. ಅಗ್ಗದ ಬಾಟಲಿಗಳಲ್ಲಿ ಸೇರಿಕೊಂಡಿರುತ್ತದೆ. ಗೀರು ಬಿದ್ದ ಪ್ಲಾಸ್ಟಿಕ್ ಕ್ಯುವೆಟ್ ಇದ್ದರೆ ಕಸದ ಬುಟ್ಟಿಗೆ ಹಾಕಿ.

ಹಂತ 3: ಗೆರೆ ಎಳೆಯಿರಿ, ಆಮೇಲೆ ನಂಬಬೇಡಿ

ಎಲ್ಲರೂ ಎಡವುವುದು ಇಲ್ಲೇ. A ಕಾಲಂನಲ್ಲಿ ಪಿಪಿಎಂ, B ಕಾಲಂನಲ್ಲಿ ಅಬ್ಸಾರ್ಬೆನ್ಸ್ ಹಾಕಿ. E1, E2, E3ರಲ್ಲಿ ಕ್ರಮವಾಗಿ ಇಳಿಜಾರು, ಇಂಟರ್‌ಸೆಪ್ಟ್, ಚದುರುವಿಕೆ. ಕೊನೆಯ ಸಾಲನ್ನು C2ರಲ್ಲಿ ಹಾಕಿ ಕೆಳಗೆ ಎಳೆಯಿರಿ.

```
=SLOPE(B2:B7,A2:A7)
=INTERCEPT(B2:B7,A2:A7)
=STEYX(B2:B7,A2:A7)
=B2-($E$1*A2+$E$2)
```

C ಕಾಲಂನಲ್ಲಿ ಬರುವುದೇ ಉಳಿಕೆ, ಅಂದರೆ ರೆಸಿಡ್ಯುಯಲ್. ಮೆಷಿನ್ ನಿಜವಾಗಿ ತೋರಿಸಿದ್ದರಲ್ಲಿ ಗೆರೆ ಹೇಳಿದ್ದನ್ನು ಕಳೆದರೆ ಉಳಿಯುವುದು. 8 ಪಿಪಿಎಂವರೆಗೆ ಹೋದ ಒಂದು ಸೆಟ್ ಹೀಗಿದೆ ಅಂದುಕೊಳ್ಳಿ:

| ಪಿಪಿಎಂ | ಅಬ್ಸಾರ್ಬೆನ್ಸ್ | ಉಳಿಕೆ |
|---|---|---|
| 0 | 0.006 | −0.011 |
| 1 | 0.205 | −0.003 |
| 2 | 0.402 | +0.004 |
| 4 | 0.796 | +0.016 |
| 6 | 1.172 | +0.011 |
| 8 | 1.526 | −0.017 |

ಇಳಿಜಾರು 0.1907, ಇಂಟರ್‌ಸೆಪ್ಟ್ 0.017. R² 0.9995! ಗೋಡೆಗೆ ಅಂಟಿಸುವಷ್ಟು ಚೆನ್ನಾಗಿದೆ, ಅಲ್ವಾ?

ಈಗ ಉಳಿಕೆಯ ಚಿಹ್ನೆಗಳನ್ನು ಮಾತ್ರ ಮೇಲಿಂದ ಕೆಳಗೆ ಓದಿ. ಮೈನಸ್, ಮೈನಸ್, ಪ್ಲಸ್, ಪ್ಲಸ್, ಪ್ಲಸ್, ಮೈನಸ್. ಗ್ರಾಫ್ ಹಾಕಿದರೆ ಕಮಾನಿನ ಆಕಾರ ಕಾಣುತ್ತದೆ. ಸುಮ್ನೆ ಕೈತಪ್ಪಿನಿಂದ ಬಂದ ಏರುಪೇರು ಹೀಗೆ ಸಾಲಾಗಿ ನಿಲ್ಲುವುದಿಲ್ಲ. ಚುಕ್ಕೆಗಳು ನಿಜಕ್ಕೂ ಬಾಗುತ್ತಿವೆ, ನಾವು ಅವುಗಳ ಮೇಲೆ ನೇರ ಗೆರೆ ಹೇರಿದ್ದೇವೆ. R² ಇದನ್ನು ಹಿಡಿಯುವುದಿಲ್ಲ. ಅಬ್ಸಾರ್ಬೆನ್ಸ್ 0ಯಿಂದ 1.5ರವರೆಗೆ ಏರಿದೆ, ಆ ದೊಡ್ಡ ಏರಿಕೆಯ ಎದುರು 0.016ರ ತಪ್ಪು ಅದಕ್ಕೆ ಲೆಕ್ಕಕ್ಕೇ ಬರುವುದಿಲ್ಲ.

ನಮಗೆ ಲೆಕ್ಕಕ್ಕೆ ಬರುತ್ತದೆ. ಇದೇ ಗೆರೆಯಿಂದ ಬ್ಲ್ಯಾಂಕನ್ನೇ ಲೆಕ್ಕ ಹಾಕಿ: ಮೈನಸ್ 0.06 ಪಿಪಿಎಂ. ಕಬ್ಬಿಣ ಹಾಕದ ಫ್ಲಾಸ್ಕ್‌ನಲ್ಲಿ ಸೊನ್ನೆಗಿಂತ ಕಡಿಮೆ ಕಬ್ಬಿಣ! 0.30 ಪಿಪಿಎಂ ಇರುವ ಫ್ಲಾಸ್ಕ್ 0.066 ತೋರಿಸಿತು ಅನ್ನಿ. ಈ ಗೆರೆ ಅದನ್ನು 0.26 ಅನ್ನುತ್ತದೆ. ಮೇಲಿನ ತುದಿಯ ಬಾಗು ಗೆರೆಯನ್ನೇ ವಾಲಿಸಿ, ಕೆಳ ತುದಿಯ ಲೆಕ್ಕವನ್ನು ಕೆಡಿಸಿದೆ.

ಬಾಗಿದ್ದು ಯಾಕೆ? 8 ಪಿಪಿಎಂನಲ್ಲಿ ಅಬ್ಸಾರ್ಬೆನ್ಸ್ 1.6ರ ಹತ್ತಿರ ಬರಬೇಕು. ಅಂದರೆ ದ್ರಾವಣ ದಾಟಿ ಬರುವ ಬೆಳಕು ನೂರರಲ್ಲಿ ಎರಡೂವರೆ ಪಾಲು ಮಾತ್ರ. ಮೆಷಿನ್ ಒಳಗೆ ಬೇರೆ ತರಂಗಾಂತರದ ಅಡ್ಡಾದಿಡ್ಡಿ ಬೆಳಕು ಅರ್ಧ ಪಾಲು ಸೇರಿದರೂ ಸಾಕು, ಡಿಟೆಕ್ಟರ್ ಅದನ್ನೂ ಎಣಿಸಿ ಅಬ್ಸಾರ್ಬೆನ್ಸನ್ನು 1.53ರ ಆಸುಪಾಸಿಗೆ ಇಳಿಸುತ್ತದೆ. ಫಿನಾಂತ್ರೋಲಿನ್ ಸಾಲದೆ ಹೋದರೂ ಇದೇ ಥರ ಬಾಗುತ್ತದೆ. ಯಾವುದು ಅಂತ ತಿಳಿಯಲು 8 ಪಿಪಿಎಂ ಫ್ಲಾಸ್ಕನ್ನು ದುಪ್ಪಟ್ಟು ಫಿನಾಂತ್ರೋಲಿನ್ ಹಾಕಿ ಮತ್ತೆ ಮಾಡಿ. ಅಬ್ಸಾರ್ಬೆನ್ಸ್ ಏರದಿದ್ದರೆ ಬೆಳಕಿನ ಕಡೆಯೇ ಅನುಮಾನಪಡಬೇಕು.

ಮೂರು ದಾರಿ ಕಾಣುತ್ತವೆ. ಬಾಗಿದ ಸಮೀಕರಣ ಹಾಕುವುದು ಒಂದು. ನನಗೆ ಅದು ಇಷ್ಟವಿಲ್ಲ, ಬಲ್ಬ್ ಬದಲಾಯಿಸಿದರೆ ಬಾಗೂ ಬದಲಾಗಬಹುದು. ಎರಡನೆಯದು ಎಕ್ಸೆಲ್‌ನಲ್ಲಿ ಇಂಟರ್‌ಸೆಪ್ಟ್ ಸೊನ್ನೆ ಎಂದು ಟಿಕ್ ಮಾಡುವುದು. ದಯವಿಟ್ಟು ಬೇಡ, ಅದು ಕಾಯಿಲೆಯ ಲಕ್ಷಣವನ್ನು ಅಳಿಸುತ್ತದೆ, ಕಾಯಿಲೆ ಹಾಗೇ ಇರುತ್ತದೆ. ಮೂರನೆಯದೇ ಸರಿ: ಮೇಲಿನ ತುದಿ ಕತ್ತರಿಸಿ, ಕಡಿಮೆ ವ್ಯಾಪ್ತಿಯಲ್ಲಿ ಹೊಸ ಸೆಟ್ ಮಾಡಿ.

| ಪಿಪಿಎಂ | ಅಬ್ಸಾರ್ಬೆನ್ಸ್ | ಉಳಿಕೆ |
|---|---|---|
| 0 | 0.006 | −0.0003 |
| 0.5 | 0.104 | −0.0013 |
| 1 | 0.206 | +0.0017 |
| 2 | 0.402 | −0.0003 |
| 3 | 0.602 | +0.0017 |
| 4 | 0.797 | −0.0013 |

ಇಳಿಜಾರು 0.198, ಇಂಟರ್‌ಸೆಪ್ಟ್ 0.0063. ಇಂಟರ್‌ಸೆಪ್ಟ್ ಈಗ ಬ್ಲ್ಯಾಂಕ್‌ನ 0.006ಕ್ಕೆ ಹೊಂದುತ್ತದೆ, ಅದೇ ಒಳ್ಳೆಯ ಗುರುತು. ಉಳಿಕೆಗೆ ಆಕಾರ ಇಲ್ಲ. ಚದುರುವಿಕೆ 0.014ರಿಂದ 0.0015ಕ್ಕೆ ಇಳಿದಿದೆ. 0.066 ಓದಿದ ಆ ಫ್ಲಾಸ್ಕ್ ಈಗ 0.30 ಕೊಡುತ್ತದೆ.

ಕಮಾನಿನ ಬದಲು ಒಂದೇ ಚುಕ್ಕೆ ದೂರ ಹೋಗಿದ್ದರೆ ಅದು ಹೆಚ್ಚಾಗಿ ಪಿಪೆಟ್ ತಪ್ಪು. ಆ ಚುಕ್ಕೆಯನ್ನು ಸದ್ದಿಲ್ಲದೆ ಡಿಲೀಟ್ ಮಾಡಬೇಡಿ. ಆ ಸ್ಟ್ಯಾಂಡರ್ಡನ್ನು ಮತ್ತೆ ತಯಾರಿಸಿ ಓದಿ, ಎರಡೂ ಅಂಕಿಯನ್ನು ನೋಟ್‌ಬುಕ್‌ನಲ್ಲಿ ಬರೆಯಿರಿ.

ಹಂತ 4: ಎಷ್ಟು ಕಡಿಮೆ ಇದ್ದರೂ ಕಾಣುತ್ತದೆ?

ಇಲ್ಲಿ ಒಂದು ಅಡ್ಡದಾರಿ ಬಹಳ ಚಾಲ್ತಿಯಲ್ಲಿದೆ. ಒಂದೇ ಬ್ಲ್ಯಾಂಕನ್ನು ಕ್ಯುವೆಟ್‌ನಿಂದ ತೆಗೆಯದೆ ಹತ್ತು ಸಲ ಓದುವುದು. ಹತ್ತೂ ಸಲ 0.006 ಬರುತ್ತದೆ, ಡಿಟೆಕ್ಷನ್ ಲಿಮಿಟ್ ಹೆಚ್ಚುಕಡಿಮೆ ಸೊನ್ನೆ ಅಂತ ಬರೆಯುತ್ತಾರೆ. ಅಳೆದದ್ದು ಮೆಷಿನ್‌ನ ಸ್ಥಿರತೆ ಮಾತ್ರ. ಪಿಪೆಟ್, ಫ್ಲಾಸ್ಕ್, ಕ್ಯುವೆಟ್ ತೊಳೆದ ರೀತಿ, ಯಾವುದೂ ಅದರಲ್ಲಿ ಸೇರಿಲ್ಲ.

ನಾನು ಹೇಳುವುದು ಇದು: 0.1 ಪಿಪಿಎಂ ಇರುವ ಏಳು ಫ್ಲಾಸ್ಕ್‌ಗಳನ್ನು ಬೇರೆ ಬೇರೆಯಾಗಿ, ಮೊದಲಿನಿಂದ ತಯಾರಿಸಿ. ಓದಿದಾಗ ಬಂದದ್ದು 0.025, 0.027, 0.028, 0.024, 0.026, 0.029, 0.026 ಅಂದುಕೊಳ್ಳಿ. ಸರಾಸರಿ ಲೆಕ್ಕದಲ್ಲಿ 0.10 ಪಿಪಿಎಂ, ಸರಿ ಇದೆ. ಸ್ಟ್ಯಾಂಡರ್ಡ್ ಡೀವಿಯೇಷನ್ 0.0017. ಅದನ್ನು 3.143ರಿಂದ ಗುಣಿಸಿ (ಏಳು ಅಳತೆಗೆ 99% ನಂಬಿಕೆಯ ಅಂಕಿ ಅದು), ಇಳಿಜಾರಿನಿಂದ ಭಾಗಿಸಿದರೆ 0.027 ಪಿಪಿಎಂ. ಇದು ಡಿಟೆಕ್ಷನ್ ಲಿಮಿಟ್. ಇದರ ಮೇಲಿದ್ದರೆ ಕಬ್ಬಿಣ ಇದೆ ಅನ್ನಬಹುದು, ಎಷ್ಟಿದೆ ಅಂತ ಧೈರ್ಯವಾಗಿ ಹೇಳಲು ಆಗುವುದಿಲ್ಲ. ಎಷ್ಟು ಅಂತ ಹೇಳಲು 3.143ರ ಜಾಗದಲ್ಲಿ 10 ಹಾಕಿ. 0.09 ಪಿಪಿಎಂ ಬರುತ್ತದೆ.

ಹಂತ 5: ಕೆಲಸದ ವ್ಯಾಪ್ತಿ

ಕೆಳಗೆ 0.1, ಮೇಲೆ 4 ಪಿಪಿಎಂ. ಗೆರೆಯನ್ನು 4ರಿಂದ ಮುಂದಕ್ಕೆ ಎಳೆದು ಓದಬಾರದು. ಅದಕ್ಕಿಂತ ಗಾಢ ಬಣ್ಣ ಬಂದರೆ ಬಣ್ಣದ ದ್ರಾವಣಕ್ಕೆ ನೀರು ಸುರಿಯಬೇಡಿ. ಮೂಲ ನೀರನ್ನೇ ಕಡಿಮೆ ತೆಗೆದುಕೊಂಡು ಹೊಸದಾಗಿ ಬಣ್ಣ ಬರಿಸಿ, ಆಗ ಫಿನಾಂತ್ರೋಲಿನ್ ಕೂಡ ಸಾಕಾಗುತ್ತದೆ.

ಈ ಅಂಕಿಗಳೆಲ್ಲ ಫ್ಲಾಸ್ಕ್ ಒಳಗಿನವು ಅನ್ನುವುದನ್ನು ಮರೆಯುವವರು ಜಾಸ್ತಿ. ಬೋರ್‌ವೆಲ್ ನೀರು 25 ಮಿ.ಲೀ. ತೆಗೆದು 50ಕ್ಕೆ ತುಂಬಿದರೆ ಉತ್ತರವನ್ನು ಎರಡರಿಂದ ಗುಣಿಸಬೇಕು. ಮೇಲಿನ 0.30 ಅನ್ನುವುದು ನೀರಿನಲ್ಲಿ 0.60. ಡಿಟೆಕ್ಷನ್ ಲಿಮಿಟ್ ಕೂಡ ದುಪ್ಪಟ್ಟಾಗಿ 0.05 ದಾಟುತ್ತದೆ, ವ್ಯಾಪ್ತಿ 0.2ರಿಂದ 8 ಆಗುತ್ತದೆ. ಬಟ್ಟೆ, ಪಾತ್ರೆಗೆ ಕಲೆ ಹಿಡಿಯಲು ಶುರುವಾಗುವುದು ಸುಮಾರು 0.3 ಪಿಪಿಎಂ ದಾಟಿದ ಮೇಲೆ, ಹಾಗಾಗಿ ಈ ವ್ಯಾಪ್ತಿ ನಮ್ಮ ಕೆಲಸಕ್ಕೆ ಸಾಕು.

ಉಳಿಕೆ ಎಷ್ಟೇ ಚೆನ್ನಾಗಿದ್ದರೂ ಅದು ಹಿಡಿಯಲಾರದ ತಪ್ಪು ಒಂದಿದೆ. ಸ್ಟಾಕ್ ತೂಗುವಾಗಲೇ ತಪ್ಪಿದ್ದರೆ ಎಲ್ಲ ಚುಕ್ಕೆಯೂ ಒಂದೇ ಪ್ರಮಾಣದಲ್ಲಿ ತಪ್ಪುತ್ತದೆ, ಗೆರೆ ಮಾತ್ರ ನೇರವಾಗೇ ಇರುತ್ತದೆ. ಅದಕ್ಕೆ ಬೇರೆ ಬಾಟಲಿಯಿಂದ, ಸಾಧ್ಯವಾದರೆ ಬೇರೆಯವರ ಕೈಯಿಂದ, 1.5 ಪಿಪಿಎಂ ಸ್ಟ್ಯಾಂಡರ್ಡ್ ಒಂದನ್ನು ಮಾಡಿಸಿಟ್ಟುಕೊಳ್ಳಿ. ಅಬ್ಸಾರ್ಬೆನ್ಸ್ 0.303ರ ಹತ್ತಿರ ಬರಬೇಕು. ಪ್ರತಿ ದಿನ ಸ್ಯಾಂಪಲ್‌ಗಿಂತ ಮುಂಚೆ ಬ್ಲ್ಯಾಂಕ್ ಜೊತೆ ಅದನ್ನೂ ಓದಿ. ಶೇ 10ಕ್ಕಿಂತ ಜಾಸ್ತಿ ಸರಿದಿದ್ದರೆ ಅವತ್ತು ಹಳೆಯ ಗೆರೆ ಬಳಸಬೇಡಿ, ಹೊಸ ಸೆಟ್ ಮಾಡಿ. ರಿಪೋರ್ಟ್‌ನಲ್ಲಿ ಲಿಮಿಟ್‌ಗಿಂತ ಕೆಳಗಿನದನ್ನು ಸೊನ್ನೆ ಎಂದಾಗಲಿ ಮೈನಸ್ ಎಂದಾಗಲಿ ಬರೆಯಬೇಡಿ. 25 ಮಿ.ಲೀ. ನೀರು ತೆಗೆದಿದ್ದರೆ “0.06 ಪಿಪಿಎಂಗಿಂತ ಕಡಿಮೆ” ಎಂದು ಬರೆಯಿರಿ.